ಹಳೆಯ ಹಾಸಿಗೆಯ ಪ್ರಶ್ನೆ

ಮಳೆಗಾಲಕ್ಕೆ ಮುಂಚೆ ಮುಂಬಯಿಯ ನಾಲಾಗಳ ಹೂಳೆತ್ತುವ ಕೆಲಸ ನಡೆಯುವಾಗ ದಂಡೆಯ ಮೇಲೆ ಏನೇನು ಬಂದು ಬೀಳುತ್ತದೆಂಬುದನ್ನು ನಮ್ಮ ಓದುಗರಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ. ಕೆಸರಿನೊಡನೆ ಮುರಿದ ಕುರ್ಚಿ, ಸೋಫಾದ ಬೆನ್ನು, ಮಂಚದ ಹಲಗೆ, ಎಲ್ಲಕ್ಕೂ ಮಿಗಿಲಾಗಿ ಹಾಸಿಗೆಗಳು ಮೇಲೇಳುತ್ತವೆ. ನೀರು ಕುಡಿದ ಹಾಸಿಗೆ ಇಬ್ಬರು ಸೇರಿದರೂ ಎತ್ತಲಾಗದಷ್ಟು ಭಾರವಾಗುತ್ತದೆ. ಮೋರಿಯ ಬಾಯಿಗೆ ಸಿಕ್ಕಿಕೊಂಡರೆ ಅದು ಹೆಬ್ಬಾಗಿಲಿಗೆ ಹಾಕಿದ ಅಗುಳಿಯಂತೆ. 2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ಕಟ್ಟಿಹೋದ ನೀರಿನ ದಾರಿಗಳ ಬೆಲೆಯನ್ನು ತೆತ್ತವರಲ್ಲಿ ನಾಲಾದ ಮಗ್ಗುಲಲ್ಲಿ ಬದುಕುವ ಬಡವರು ಮೊದಲಿಗರು. ನಮ್ಮವರು ವಾಸಿಸುವುದೂ ಅಂಥ ಕಡೆಯಲ್ಲೇ.

ಹಾಸಿಗೆಯನ್ನು ನಾಲಾಕ್ಕೆ ಎಸೆಯುವವರು ದುಷ್ಟರೆಂದು ನಾವು ಹೇಳುವುದಿಲ್ಲ. ದಿನದ ಕಸ ಒಯ್ಯುವ ಗಾಡಿಯವನು ಹಾಸಿಗೆ ಕಂಡರೆ ಮುಖ ತಿರುಗಿಸುತ್ತಾನೆ. ಭಂಗಾರದವನು ಕಬ್ಬಿಣ, ಕಾಗದ ಕೊಳ್ಳುತ್ತಾನೆಯೇ ಹೊರತು ಹತ್ತಿಯನ್ನಲ್ಲ. ಎಂಟು ಮಂದಿ ಮಲಗುವ ಖೋಲಿಯಲ್ಲಿ ಕೆಟ್ಟ ಹಾಸಿಗೆಯೊಂದನ್ನು ಇಟ್ಟುಕೊಳ್ಳಲು ಜಾಗವಿಲ್ಲ. ಹೀಗಾಗಿ ರಾತ್ರಿ ಪಾಳಿ ಮುಗಿದ ಮೇಲೆ ಅದು ಗಲ್ಲಿಯ ಮೂಲೆಗೋ ನಾಲಾದ ದಂಡೆಗೋ ಹೋಗುತ್ತದೆ. ಆದರೆ ಹೀಗೆ ಎಸೆಯುವ ವಸ್ತು ನಿಜವಾಗಿಯೂ ಕಸವೇ? ಇದನ್ನು ಬಿಚ್ಚಿ ನೋಡದೆ ಹೇಳಲಾಗದು. ಅಕ್ಷರಶಃ ಬಿಚ್ಚಿ ನೋಡಬೇಕೆಂದೇ ನಮ್ಮ ಸೂಚನೆ.

ಹಾಸಿಗೆಯ ಒಂದು ಅಂಚಿನ ಹೊಲಿಗೆಯನ್ನು ಗೇಣುದ್ದ ಬಿಚ್ಚಿ ಒಂದು ಹಿಡಿ ಹತ್ತಿಯನ್ನು ಹೊರತೆಗೆಯಿರಿ. ಎರಡು ಕೈಯಿಂದ ಮೆಲ್ಲಗೆ ಎಳೆದಾಗ ಎಳೆಗಳು ಒಂದರಿಂದೊಂದು ಜಾರಿ ಬೇರೆಯಾದರೆ, ಅವು ಒಂದು ಇಂಚಿನಷ್ಟು ಉದ್ದವಿದ್ದರೆ, ಹತ್ತಿಗೆ ಇನ್ನೂ ಆಯುಸ್ಸಿದೆ. ಬೆರಳಿನಲ್ಲಿ ಪುಡಿಯಾದರೆ ಅದರ ಕಾಲ ಮುಗಿದಿದೆ. ಕಪ್ಪು ಅಥವಾ ಹಸಿರು ಕಲೆಯೂ ಮುಗ್ಗಲು ವಾಸನೆಯೂ ಇದ್ದರೆ ಬೂಸ್ಟು ಒಳಗಿಳಿದಿದೆ; ಅದನ್ನು ಯಾರ ತಲೆಯ ಕೆಳಗೂ ಇಡಬಾರದು. ಕೆಂಪು, ನೀಲಿ ಎಳೆಗಳು ಕಂಡರೆ ಅದು ಹತ್ತಿಯಲ್ಲ, ದರ್ಜಿಯ ಅಂಗಡಿಯ ಚಿಂದಿಯನ್ನು ಹಿಂಜಿ ತುಂಬಿದ್ದು. ಒಂದು ಚಿಟಿಕೆಯನ್ನು ತಟ್ಟೆಯಲ್ಲಿಟ್ಟು ಸುಟ್ಟು ನೋಡಿದರೆ, ಹತ್ತಿ ಕಾಗದದ ವಾಸನೆ ಬಿಟ್ಟು ಮೆತ್ತನೆಯ ಬೂದಿಯಾಗುತ್ತದೆ. ಕೃತಕ ನೂಲು ಕರಗಿ ಗಟ್ಟಿ ಮಣಿಯಾಗುತ್ತದೆ. 1982ರ ಮುಷ್ಕರದ ತರುವಾಯ ಬೀಗ ಬಿದ್ದ ಗಿರಣಿಗಳಲ್ಲಿ ದುಡಿದ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಹತ್ತಿಯನ್ನು ಬೆರಳಿನಿಂದ ಓದುವ ಈ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಆಯುಸ್ಸಿರುವ ಹತ್ತಿಗೆ ಬೇಕಾದುದು ಮರುಹಿಂಜುವಿಕೆ. ಬಯಲುಸೀಮೆಯಿಂದ ಬಂದವರಿಗೆ ಪಿಂಜಾರರ ಬಿಲ್ಲಿನ ಸದ್ದು ಹೊಸತಲ್ಲ. ಊರೂರು ತಿರುಗಿ ಅರಳೆ ಹಿಂಜಿ ಹಾಸಿಗೆ ಹೊಲಿದುಕೊಟ್ಟ ಆ ನದಾಫರ ಕಸುಬನ್ನು ಈಗ ಬಹುಮಟ್ಟಿಗೆ ವಿದ್ಯುತ್ ಯಂತ್ರ ವಹಿಸಿಕೊಂಡಿದೆ. ಕೆಲಸದ ತತ್ವ ಮಾತ್ರ ಅದೇ; ಗಿರಣಿಯ ಕಾರ್ಡಿಂಗ್ ಖಾತೆಯಲ್ಲಿ ನಡೆಯುತ್ತಿದ್ದುದೂ ಅದೇ. ವರ್ಷಗಟ್ಟಲೆ ಮೈಭಾರಕ್ಕೆ ಒತ್ತಿ ಗಂಟುಗಟ್ಟಿದ ಹತ್ತಿ ಎಳೆ ಎಳೆಯಾಗಿ ಬಿಡುತ್ತದೆ, ಧೂಳು ಕೆಳಗೆ ಉದುರುತ್ತದೆ, ನಡುವೆ ಗಾಳಿ ತುಂಬಿ ಹಾಸಿಗೆ ಮತ್ತೆ ಉಬ್ಬುತ್ತದೆ. ಆದರೆ ಪ್ರತಿ ಸಲ ಹಿಂಜಿದಾಗಲೂ ಕೆಲವು ಎಳೆಗಳು ತುಂಡಾಗುತ್ತವೆ. ತುಂಡಾದವು ಧೂಳಿನೊಡನೆ ಹೋಗುತ್ತವೆ. ಆದುದರಿಂದ ಹಳೆಯ ಹತ್ತಿಯ ತೂಕ ಇಳಿಯುವುದು ಸಹಜ. ಎಷ್ಟು ಇಳಿಯಿತೆಂಬುದನ್ನು ಮಾತ್ರ ನಾವು ಲೆಕ್ಕ ಇಡಬೇಕು.

ಒಂದು ಖೋಲಿಯ ಲೆಕ್ಕವನ್ನೇ ಹಾಕಿ ನೋಡೋಣ. ಆರು ಹಾಸಿಗೆಗಳಿವೆ ಎನ್ನಿ. ಒಂದರಲ್ಲಿ ಬೂಸ್ಟು, ಇನ್ನೊಂದು ಚಿಂದಿಯದು, ಅವೆರಡನ್ನು ಬದಿಗಿಡೋಣ. ಉಳಿದ ನಾಲ್ಕರಲ್ಲಿ ತಲಾ 9 ಕಿಲೋ ಹತ್ತಿ ಸಿಕ್ಕಿದರೆ ಒಟ್ಟು 36 ಕಿಲೋ. ಹಿಂಜಿದ ಮೇಲೆ 4 ಕಿಲೋ ಧೂಳಾಗಿ ಹೋಯಿತೆಂದರೂ 32 ಕಿಲೋ ಕೈಗೆ ಬರುತ್ತದೆ. ಮೂರಡಿ ಅಗಲ, ಆರಡಿ ಉದ್ದದ ಒಂದು ಹಾಸಿಗೆಗೆ 10 ಕಿಲೋದಂತೆ ತುಂಬಿದರೆ ಮೂರು ದಪ್ಪ ಹಾಸಿಗೆಗಳೂ, ಮಿಕ್ಕ 2 ಕಿಲೋದಲ್ಲಿ ಎರಡು ದಿಂಬುಗಳೂ ಆಗುತ್ತವೆ. ಆರೂ ಜನರಿಗೆ ಸಾಲದು, ನಿಜ. ಆದರೆ ಕೊಳ್ಳಬೇಕಾದುದು ಆರು ಅಲ್ಲ, ಮೂರು ಮಾತ್ರ. ಖೋಲಿಯವರು ವಂತಿಗೆ ಹಾಕಿ ಒಟ್ಟಿಗೆ ಈ ಕೆಲಸ ಮಾಡಿಸಿದರೆ ಹತ್ತಿಯೂ ಒಟ್ಟಾಗುತ್ತದೆ, ಕೂಲಿಯ ಚೌಕಾಸಿಯೂ ಸುಲಭವಾಗುತ್ತದೆ.

ಇಲ್ಲಿ ಮೋಸಕ್ಕೆ ದಾರಿಗಳಿವೆ. ಒಳ್ಳೆಯ ಹತ್ತಿ ಅಂಗಡಿಯಲ್ಲಿ ಉಳಿದು, ಚಿಂದಿಯ ಅರಳೆ ಮನೆಗೆ ಬರಬಹುದು. ಹೋಟೆಲಿನಲ್ಲಿ ದುಡಿಯುವವರಿಗೆ ತಕ್ಕಡಿ ಹೊಸತೇ? ಒಯ್ಯುವ ಮುಂಚೆ ತೂಗಿರಿ, ಹಿಂಜಿದ ಮೇಲೆ ತೂಗಿರಿ, ಸಾಧ್ಯವಾದರೆ ಒಬ್ಬರು ಅಲ್ಲಿಯೇ ನಿಂತಿರಿ. ಹಿಂಜುವ ಕೂಲಿ, ಬಟ್ಟೆಯ ಬೆಲೆ, ಸೇರಿಸುವ ಹೊಸ ಹತ್ತಿಯ ಬೆಲೆ, ಈ ಮೂರನ್ನೂ ಬೇರೆ ಬೇರೆಯಾಗಿ ಹೇಳಿಸಿಕೊಳ್ಳಿರಿ. ಬಟ್ಟೆ ಒತ್ತಾಗಿ ನೇಯ್ದದ್ದಿರಲಿ. ಸಡಿಲ ನೇಯ್ಗೆಯಿಂದ ಎಳೆಗಳು ಹೊರಗೆ ಇಣುಕುತ್ತವೆ. ದಬ್ಬಣದಿಂದ ಮೇಲಿನಿಂದ ಕೆಳಕ್ಕೆ ಹಾಕುವ ಹೊಲಿಗೆಗಳು ಗೇಣಿಗೊಂದರಂತೆ ಇರಬೇಕು. ಇವನ್ನು ಕಡಿಮೆ ಮಾಡಿದರೆ ಕೆಲವೇ ತಿಂಗಳಲ್ಲಿ ಹತ್ತಿಯೆಲ್ಲ ಬದಿಗೆ ಸರಿದು ನಡು ಬರಿದಾಗುತ್ತದೆ. ಈ ಕೆಲಸಕ್ಕೆ ಒಣ ಹವೆಯೇ ಬೇಕು. ಶಿವರಾತ್ರಿಯಿಂದ ಮೊದಲ ಮಳೆಯವರೆಗಿನ ಕಾಲ ಉತ್ತಮ. ಮಳೆಗಾಲದ ತೇವ ಹೀರಿದ ಹತ್ತಿ ಬಿಡಿಸಿಕೊಳ್ಳುವುದಿಲ್ಲ, ಬಿಡಿಸಿದರೂ ಬೇಗ ಬೂಸ್ಟು ಹಿಡಿಯುತ್ತದೆ.

ಕೂಲಿ ಉಳಿಸಲೆಂದು ಖೋಲಿಯ ಒಳಗೆಯೇ ಹತ್ತಿ ಬಡಿದು ಬಿಡಿಸುವವರಿಗೆ ಒಂದು ಎಚ್ಚರಿಕೆ. ಹತ್ತಿಯ ಧೂಳು ಎದೆಯ ಶತ್ರು. ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಹೋದಾಗ ಎದೆ ಬಿಗಿಯುತ್ತಿದ್ದುದನ್ನು ಗಿರಣಿಯ ಕಾರ್ಡಿಂಗ್ ಖಾತೆಯವರು ಮರೆತಿರಲಾರರು. ಬಯಲಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡಲ್ಲದೆ ಆ ಕೆಲಸಕ್ಕೆ ಕೈ ಹಾಕಬಾರದು.

ಇನ್ನು ತಿಗಣೆಯ ಮಾತು. ಅನೇಕ ಹಾಸಿಗೆಗಳು ಬೀದಿಗೆ ಬೀಳುವುದು ಹಳತಾದುದರಿಂದಲ್ಲ, ತಿಗಣೆಯಿಂದ. ಹೊಲಿಗೆಯ ಸಂದಿನಲ್ಲಿ ಶಾಯಿಯ ಚುಕ್ಕೆಯಂಥ ಕಪ್ಪು ಕಲೆ, ಒಣಗಿದ ಪೊರೆ, ಸಣ್ಣ ಬಿಳಿ ಮೊಟ್ಟೆ, ಇವು ಅದರ ಗುರುತು. ಬಿಸಿಲಿಗೆ ಹಾಕಿದರೆ ಸಾಕೆಂಬ ನಂಬಿಕೆ ಅರ್ಧ ಸತ್ಯ. ಮೇಲ್ಮೈ ಕಾಯುತ್ತದೆ, ಒಳಗಿನ ಹತ್ತಿ ಕಾಯುವುದಿಲ್ಲ, ಹುಳು ತಣ್ಣನೆಯ ಕಡೆಗೆ ಸರಿದುಕೊಳ್ಳುತ್ತದೆ. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲ ಜೀವ ಅದು. ಗವಸನ್ನು ಬಿಚ್ಚಿ ಕುದಿಯುವ ನೀರಿನಲ್ಲಿ ನೆನೆಸಬೇಕು, ಮಂಚದ ಕೀಲು ಸಂದುಗಳಿಗೆ ಕುದಿನೀರು ಹೊಯ್ಯಬೇಕು. ಖೋಲಿಯ ಎಲ್ಲ ಹಾಸಿಗೆಗಳಿಗೂ ಒಂದೇ ದಿನ ಇದನ್ನು ಮಾಡದಿದ್ದರೆ ಇಂದು ಒಂದರಿಂದ ಓಡಿದ ತಿಗಣೆ ನಾಳೆ ಇನ್ನೊಂದರಿಂದ ಮರಳುತ್ತದೆ. ಸೀಮೆಎಣ್ಣೆ ಸುರಿಯುವ ಪದ್ಧತಿಯನ್ನಂತೂ ಕೂಡಲೇ ಬಿಡಬೇಕು. ಹತ್ತಿ, ಸೀಮೆಎಣ್ಣೆ, ಒಂದು ಬೀಡಿಯ ಕಿಡಿ, ಇಷ್ಟು ಸೇರಿದರೆ ಖೋಲಿಯೇ ಉಳಿಯದು.

ಫೋಮಿನ ಹಾಸಿಗೆಯ ಕಥೆ ಬೇರೆ. ಒಮ್ಮೆ ಕುಸಿದ ಫೋಮನ್ನು ಯಾವ ಪಿಂಜಾರನೂ ಉಬ್ಬಿಸಲಾರ. ನಡು ಕುಸಿದರೂ ತಲೆ ಕಾಲಿನ ಭಾಗಗಳು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತವೆ. ಹರಿತವಾದ ಚಾಕುವಿನಿಂದ ಅವನ್ನು ಕತ್ತರಿಸಿ ದಿಂಬಿಗೋ ಬೆಂಚಿನ ಮೆತ್ತೆಗೋ ಬಳಸಬಹುದು. ಉಳಿದ ಚೂರುಗಳನ್ನು ಪುಡಿ ಮಾಡಿ, ಅಂಟು ಬೆರೆಸಿ, ಒತ್ತಿ ಹೊಸ ಹಾಸಿಗೆ ಮಾಡುವ ಉದ್ಯಮವಿದೆ. ಆದರೆ ಅದಕ್ಕೆ ಒಣಗಿದ, ಶುಚಿಯಾದ ಮಾಲೇ ಆಗಬೇಕು. ಮಳೆಯಲ್ಲಿ ನೆನೆದುದು ಯಾರಿಗೂ ಬೇಡ. ಸ್ಪ್ರಿಂಗಿನ ಹಾಸಿಗೆಯ ಅಂಚಿನ ಪಟ್ಟಿಯನ್ನು ಕೊಯ್ದು ಬಟ್ಟೆ, ಫೋಮುಗಳನ್ನು ಸುಲಿದರೆ ಒಳಗಿನ ಉಕ್ಕಿನ ಜಾಲವನ್ನು ಭಂಗಾರದವನು ತೂಕಕ್ಕೆ ಕೊಳ್ಳುತ್ತಾನೆ. ಹಾಗೆಯೇ ಇಡಿಯಾಗಿ ಕೊಟ್ಟರೆ ಮುಟ್ಟುವುದಿಲ್ಲ. ಫೋಮನ್ನು ಸುಡುವುದು ಮಾತ್ರ ಎಂದೂ ಸಲ್ಲದು. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸಯನೈಡ್ ಎಂಬ ಪ್ರಾಣಾಂತಿಕ ವಿಷಗಳಿರುತ್ತವೆ.

ಮಂಚ, ಕಪಾಟುಗಳಿಗೂ ಇದೇ ನ್ಯಾಯ: ಮೊದಲು ಒಳಗೇನಿದೆ ನೋಡಬೇಕು. ಗಟ್ಟಿಮರದ ಮಂಚದ ಕೀಲು ಸಡಿಲವಾದರೆ ಬಡಗಿ ಒಂದು ಗಂಟೆಯಲ್ಲಿ ಕೂಡಿಸುತ್ತಾನೆ. ಕಬ್ಬಿಣದ್ದಾದರೆ ಒಂದು ಬೆಸುಗೆ ಸಾಕು. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ ನೀರು ಕುಡಿದು ಉಬ್ಬಿದರೆ ಅದಕ್ಕೆ ಮತ್ತೆ ಮೊಳೆ ನಿಲ್ಲುವುದಿಲ್ಲ. ಅದರ ಕೀಲು, ಹಿಡಿಗಳನ್ನು ಕಳಚಿಟ್ಟುಕೊಂಡು ಉಳಿದುದನ್ನು ಬಿಟ್ಟುಕೊಡುವುದೇ ಸರಿ.

ದಾನದ ಬಗೆಗೆ ನಮ್ಮ ಮಾತು ಸ್ವಲ್ಪ ಕಟುವಾಗಿ ತೋರಬಹುದು. ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ಖೋಲಿಯ ಅತ್ಯಂತ ಕೆಟ್ಟ ಹಾಸಿಗೆ ಕೊಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ತಿಗಣೆಯನ್ನೂ ಬೂಸ್ಟನ್ನೂ ಅವನ ಪಾಲಿಗೆ ಬಿಟ್ಟು ಅದನ್ನು ಉಪಕಾರವೆಂದು ಕರೆಯುತ್ತೇವೆ. ತಾನು ಒಂದು ರಾತ್ರಿ ಮಲಗಲೊಪ್ಪದ ಹಾಸಿಗೆಯನ್ನು ಇನ್ನೊಬ್ಬನಿಗೆ ಕೊಟ್ಟರೆ ಅದು ದಾನವಲ್ಲ, ಕಸವನ್ನು ದಾಟಿಸಿದ್ದು ಅಷ್ಟೆ. ಶುಚಿಯಾದ, ಹೊಲಿಗೆ ಗಟ್ಟಿಯಿರುವ ಹಾಸಿಗೆಯನ್ನು, ಪಡೆಯುವವರನ್ನು ಮೊದಲು ಕೇಳಿ, ಅವರಿಗೆ ಬೇಕೆಂದರೆ ಅವರ ಬಾಗಿಲಿಗೆ ಮುಟ್ಟಿಸಿ ಕೊಡಬೇಕು.

ಇಷ್ಟೆಲ್ಲ ಆದ ಮೇಲೂ ಬೂಸ್ಟಿನ ಹಾಸಿಗೆ, ಪುಡಿಯಾದ ಹತ್ತಿ, ಉಬ್ಬಿದ ಹಲಗೆ ಉಳಿಯುತ್ತವೆ. ಇವನ್ನು ಕಟ್ಟಿ, ಒಣಗಿದ ಕಡೆ ಇಟ್ಟು, ವಾರ್ಡ್ ಕಚೇರಿಗೆ ತಿಳಿಸಿ ಒಯ್ಯಿಸಬೇಕು. ಮಹಾನಗರಪಾಲಿಕೆಯವರೂ ಮಳೆಗಾಲದ ಮುನ್ನ ಪ್ರತಿ ಗಲ್ಲಿಗೆ ದೊಡ್ಡ ಗಾಡಿ ಬರುವ ದಿನವನ್ನು ಮೊದಲೇ ಸಾರಿ ಹೇಳಬೇಕೆಂದು ನಾವು ಒತ್ತಾಯಿಸುತ್ತೇವೆ. ನಾಲಾದಿಂದ ಕೆಸರುಮಯ ಹಾಸಿಗೆಯನ್ನು ಎತ್ತುವ ಶ್ರಮಕ್ಕಿಂತ ಬಾಗಿಲಿನಿಂದ ಒಣ ಹಾಸಿಗೆಯನ್ನು ಒಯ್ಯುವ ಶ್ರಮ ಕಡಿಮೆಯೆಂಬುದು ಅವರಿಗೂ ತಿಳಿದಿದೆ. ಅದನ್ನು ಎತ್ತುವವರೂ ನಮ್ಮಂತೆಯೇ ಕೂಲಿಕಾರರು.

ಹೋಟೆಲು ಮಾಲಕರಲ್ಲಿಯೂ ನಮ್ಮದೊಂದು ಅರಿಕೆಯಿದೆ. ಕೆಲಸಗಾರನಿಗೆ ವಸತಿ ಕೊಡುತ್ತೇವೆನ್ನುವವರು ಹಾಸಿಗೆಯನ್ನೂ ಆ ವಸತಿಯ ಭಾಗವೆಂದೇ ಎಣಿಸಬೇಕು. ಹದಿನಾಲ್ಕು ತಾಸು ನಿಂತು ದುಡಿದ ಬೆನ್ನಿಗೆ ಗಂಟುಗಟ್ಟಿದ ಹತ್ತಿಯ ಮೇಲೆ ವಿಶ್ರಾಂತಿಯಿಲ್ಲ. ಹಾಸಿಗೆಗಳನ್ನು ಹಿಂಜಿಸುವ ವೆಚ್ಚವನ್ನು ಮಾಲಕರು ಭರಿಸಲಿ. ಹಿಂಜಿಸುವ ದಿನವನ್ನು ಮಳೆಗಾಲಕ್ಕೆ ಮುಂಚೆ ಗೊತ್ತುಪಡಿಸಿ, ತೂಕದ ಲೆಕ್ಕ ಹಿಡಿದು ನಿಲ್ಲುವ ಹೊಣೆಯನ್ನು ಖೋಲಿಯವರೇ ಹೊರಲಿ.