ಮಾತು ಆರಂಭಿಸದ ಸಂಗಾತಿ: ಸ್ವಭಾವವೋ, ಉದಾಸೀನವೋ?

“ಕೇಳಿದರೆ ಉತ್ತರ ಕೊಡುತ್ತಾರೆ, ತಾವಾಗಿ ಒಂದು ಮಾತೂ ಆಡುವುದಿಲ್ಲ.” ನಿದ್ರೆ ಬಾರದು, ತಲೆನೋವು ಬಿಡದು ಎಂದು ಬರುವವರನ್ನು ಸಾವಧಾನವಾಗಿ ವಿಚಾರಿಸಿದಾಗ ಈ ದೂರು ಹೊರಬೀಳುವುದನ್ನು ಕನಕಪುರದ ನಮ್ಮ ವೃತ್ತಿಜೀವನದಲ್ಲಿ ಹಲವು ಬಾರಿ ಕಂಡಿದ್ದೇವೆ. ಹೇಳುವವರು ಹೆಚ್ಚಾಗಿ ಹೆಂಗಸರು; ಗಂಡಸರೂ ಉಂಟು. ಮನೆಯ ಹಿರಿಯರು “ಅದು ಅವನ ಸ್ವಭಾವ, ಹೊಂದಿಕೊಂಡು ಹೋಗು” ಎನ್ನುತ್ತಾರೆ. ನೆರೆಯವರು “ನಿನ್ನ ಮೇಲೆ ಮನಸ್ಸಿಲ್ಲ” ಎಂದುಬಿಡುತ್ತಾರೆ. ರೋಗವನ್ನು ಪರೀಕ್ಷಿಸದೆ ಔಷಧ ಕೊಡಬಾರದು ಎಂಬ ನಿಯಮ ಇಲ್ಲಿಯೂ ಸಲ್ಲುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಆಯುರ್ವೇದವು ಪ್ರಕೃತಿ ಬೇರೆ, ವಿಕೃತಿ ಬೇರೆ ಎನ್ನುತ್ತದೆ. ಹುಟ್ಟಿನಿಂದ ಬಂದದ್ದು ಪ್ರಕೃತಿ. ನಡುವೆ ಬಂದು ಸೇರಿದ್ದು ವಿಕೃತಿ. ಚರಕ ಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ವಾತ ಪ್ರಕೃತಿಯವರು ಹೆಚ್ಚು ಮಾತನಾಡುವವರೆಂದೂ, ಕಫ ಪ್ರಕೃತಿಯವರ ನಡೆ, ಆಹಾರ, ಮಾತು ಎಲ್ಲವೂ ನಿಧಾನವೆಂದೂ ಹೇಳಿದೆ. ಆದ್ದರಿಂದ ಮಿತಭಾಷಿಯಾಗಿರುವುದು ದೋಷವಲ್ಲ. ಆದರೆ ಮನೆಯಲ್ಲಿರುವ ಮೌನ ಈ ಬಗೆಯದೇ ಎಂದು ತಿಳಿಯುವುದು ಹೇಗೆ? ನಾವು ಮೂರು ಪ್ರಶ್ನೆಗಳನ್ನು ಕೇಳುತ್ತೇವೆ.

ಮೊದಲನೆಯದು, ಎಂದಿನಿಂದ? ಪ್ರಕೃತಿಗೆ ಆರಂಭದ ದಿನಾಂಕವಿರುವುದಿಲ್ಲ. “ಎರಡು ವರ್ಷದಿಂದ ಹೀಗೆ” ಎಂದರೆ ಆಗ ಏನಾಯಿತೆಂದು ಹುಡುಕಬೇಕು. ಎರಡನೆಯದು, ಯಾರೊಡನೆ? ಸ್ವಭಾವದ ಮೌನ ತಾಯಿ, ಗೆಳೆಯ, ಅಂಗಡಿಯವ ಎಲ್ಲರ ಎದುರಿಗೂ ಇರುತ್ತದೆ. ಊರಿನವರೊಡನೆ ನಗುನಗುತ್ತ ಮಾತನಾಡಿ, ಹೊಸ್ತಿಲು ದಾಟಿದೊಡನೆ ಬಾಯಿ ಮುಚ್ಚುವವರದು ಬೇರೆ ಸಂಗತಿ. ಮೂರನೆಯದು, ಉತ್ತರ ಹೇಗಿದೆ? ಮಿತಭಾಷಿ ಎರಡೇ ಮಾತು ಆಡಿದರೂ ಕೇಳಿಸಿಕೊಂಡಿರುತ್ತಾನೆ. ನೀವು ಹೇಳಿದ್ದು ಮರುದಿನ ಅವನ ಕೆಲಸದಲ್ಲಿ ಕಾಣುತ್ತದೆ. ಉದಾಸೀನನಾದವನ “ಹ್ಞೂಂ” ಅಲ್ಲಿಗೇ ಮುಗಿಯುತ್ತದೆ.

ಒಂದು ನಿದರ್ಶನವನ್ನು ಗುರುತು ಸಿಗದಂತೆ ಹೇಳುತ್ತೇವೆ. ನಮ್ಮ ತಾಲ್ಲೂಕಿನ ರೇಷ್ಮೆ ಬೆಳೆಗಾರ ದಂಪತಿ. ಮದುವೆಯಾಗಿ 14 ವರ್ಷ. ಆಕೆಗೆ ತಿಂಗಳುಗಳಿಂದ ನಿದ್ರೆಯಿಲ್ಲ. ಒಂದು ವಾರ ಆಕೆ ಮನಸ್ಸಿನಲ್ಲಿಯೇ ಲೆಕ್ಕ ಇಟ್ಟಿದ್ದರು: ಪ್ರತಿ ಮಾತನ್ನೂ ತಾವೇ ಆರಂಭಿಸಿದ್ದರು. ಹೊರಗೆ ಕುಳಿತಿದ್ದ ಪತಿಯನ್ನು ಕರೆದು ವಿಚಾರಿಸಿದೆವು. ಶಾಲೆಯ ದಿನಗಳಿಂದಲೂ ಅವರು ಹಾಗೆಯೇ. ಗೂಡಿನ ಮಾರುಕಟ್ಟೆಯಲ್ಲಿಯೂ ಮಾತು ಕಡಿಮೆ. ಪತ್ನಿಯ ಮಾತ್ರೆಗಳ ಹೊತ್ತನ್ನು ಮಾತ್ರ ಆಕೆಗಿಂತ ಚೆನ್ನಾಗಿ ಬಲ್ಲವರಾಗಿದ್ದರು. “ಅವಳು ಹೇಳ್ತಾಳೆ, ನಾನು ಕೇಳ್ತೀನಿ. ಅಷ್ಟು ಸಾಲದಾ ಡಾಕ್ಟ್ರೇ?” ಎಂದರು. ಕೇಳುವುದೇ ತಮ್ಮ ಪಾಲಿನ ಕೆಲಸವೆಂದು ಅವರು ತಿಳಿದಿದ್ದರೆಂಬುದು ಆಕೆಗೆ ಗೊತ್ತಿರಲಿಲ್ಲ. ಆಕೆ ಲೆಕ್ಕ ಇಡುತ್ತಿದ್ದಾರೆಂಬುದು ಅವರಿಗೆ ಗೊತ್ತಿರಲಿಲ್ಲ.

ಮೂರೂ ಉತ್ತರಗಳು ಸ್ವಭಾವದ ಕಡೆಗೇ ಇದ್ದವು. ಆದರೆ ಅದರ ಮೇಲೆ ಇನ್ನೊಂದು ತೊಡಕು ಬೆಳೆದಿತ್ತು. ನಾಲ್ಕನೆಯ ಜ್ವರ ಎದ್ದ ಹುಳು ಚಂದ್ರಿಕೆಗೆ ಏರುವವರೆಗಿನ ಏಳೆಂಟು ದಿನ ಹಗಲಿರುಳು ಸೊಪ್ಪು ಹಾಕುವ ದುಡಿಮೆ. ಸೊಪ್ಪು ಹಾಕಿ ದಣಿದು ಕುಳಿತ ಹೊತ್ತಿನಲ್ಲಿಯೇ ಆಕೆ “ನೀವು ಯಾಕೆ ಮಾತಾಡೋದಿಲ್ಲ?” ಎಂದು ಕೇಳುತ್ತಿದ್ದರು. ಆಕೆ ಒತ್ತಾಯಿಸಿದಷ್ಟೂ ಅವರ ಉತ್ತರ ಚಿಕ್ಕದಾಗುತ್ತಿತ್ತು. ಉತ್ತರ ಚಿಕ್ಕದಾದಷ್ಟೂ ಆಕೆಯ ಒತ್ತಾಯ ಹೆಚ್ಚುತ್ತಿತ್ತು. ದಾಂಪತ್ಯವನ್ನು ಅಭ್ಯಸಿಸುವ ಮನೋವಿಜ್ಞಾನಿಗಳು ಚೆನ್ನಾಗಿ ಗುರುತಿಸಿರುವ ಚಕ್ರವಿದು.

ಇಂಥವರಿಗೆ ನೆರೆಯವರು ಕೊಡುವ ಸಲಹೆಯೊಂದಿದೆ: “ನೀನೂ ಸುಮ್ಮನಿದ್ದು ನೋಡು, ಆಗ ಗೊತ್ತಾಗುತ್ತದೆ.” ಇದನ್ನು ನಾವು ಒಪ್ಪುವುದಿಲ್ಲ. ಮಿತಭಾಷಿಗೆ ಮೌನವೇ ನೆಮ್ಮದಿ. ಸಂಗಾತಿ ಸುಮ್ಮನಾದರೆ ಮನೆಯಲ್ಲಿ ಎಲ್ಲ ಸರಿಯಾಯಿತೆಂದೇ ಅವನು ಭಾವಿಸುತ್ತಾನೆ. ಪರೀಕ್ಷಿಸಿದವರಿಗೆ ಹೊಸ ನೋವು ಸಿಗುತ್ತದೆಯೇ ಹೊರತು ಉತ್ತರ ಸಿಗುವುದಿಲ್ಲ.

ಹಾಗೆಂದು “ಸ್ವಭಾವ” ಎಂದು ಹೇಳಿ ಆಕೆಯನ್ನು ಬರಿಗೈಯಲ್ಲಿ ಕಳುಹಿಸುವುದೂ ನ್ಯಾಯವಲ್ಲ. ಪ್ರಕೃತಿಯನ್ನು ಬದಲಿಸಲಾಗದು, ಆದರೆ ಕಫ ಪ್ರಕೃತಿಯವನಿಗೂ ವ್ಯಾಯಾಮವನ್ನು ವಿಧಿಸುತ್ತೇವಲ್ಲವೇ? ಮಿತಭಾಷಿಗೆ ಕಷ್ಟವಾಗುವುದು ಬಹುಮಟ್ಟಿಗೆ ಮಾತಲ್ಲ, ಮಾತಿನ ಆರಂಭ. ಹೊತ್ತು ಮತ್ತು ವಿಷಯ ಮೊದಲೇ ಗೊತ್ತಾಗಿದ್ದರೆ ಅದು ಹಗುರವಾಗುತ್ತದೆ. ನಿದ್ರೆಗೆ ಔಷಧದ ಜೊತೆಗೆ ಅವರಿಬ್ಬರಿಗೂ ಒಂದು ಮಂಡಲದ, ಅಂದರೆ 48 ದಿನಗಳ ಪಥ್ಯವನ್ನು ಹೇಳಿದೆವು. ರಾತ್ರಿ ಊಟದ ನಂತರ 10 ನಿಮಿಷ ಪತಿಯೇ ಮೊದಲು ಮಾತನಾಡಬೇಕು: ಆ ದಿನ ಕಂಡ ಒಂದು ಸಂಗತಿ, ಆಮೇಲೆ ಪತ್ನಿಗೆ ಒಂದು ಪ್ರಶ್ನೆ. ಪತ್ನಿ ಕಾಯಬೇಕು; ತಡವಾಯಿತೆಂದು ಮೌನವನ್ನು ತಾವೇ ತುಂಬಬಾರದು; “ಯಾಕೆ” ಎಂದು ತೊಡಗುವ ಪ್ರಶ್ನೆ ಕೇಳಬಾರದು. ಹುಳು ಹಣ್ಣಾಗುವ ಮುಂಚಿನ ಆ ಏಳೆಂಟು ದಿನಗಳಿಗೆ ವಿನಾಯಿತಿ.

ಮೊದಲ ವಾರ ಅವರು ಹೇಳಿದ್ದು ಸೊಪ್ಪಿನ ಬೆಲೆಯನ್ನು ಮಾತ್ರ. ಮೂರನೆಯ ವಾರದಲ್ಲಿ, ಹುಳುಮನೆಗೆಂದು ಮಾಡಿದ ಸಾಲದ ಕಂತು ಎರಡು ಬಾರಿ ತಪ್ಪಿದ್ದನ್ನು ತಾವಾಗಿ ಹೇಳಿದರು. ಅದುವರೆಗೆ ಅದನ್ನು ಒಬ್ಬರೇ ಹೊತ್ತಿದ್ದರು. ಮಂಡಲ ಮುಗಿದಾಗ ವಾರದಲ್ಲಿ ನಾಲ್ಕು ದಿನ ಅವರೇ ಮಾತು ತೆಗೆಯುತ್ತಿದ್ದರು. ಅವರು ವಾಚಾಳಿಯಾಗಲಿಲ್ಲ, ಆಕೆಯೂ ಅದನ್ನು ಬಯಸಿರಲಿಲ್ಲ. ಲೆಕ್ಕ ಇಡುವುದನ್ನು ಆಕೆ ಬಿಟ್ಟರು, ನಿದ್ರೆ ಸುಧಾರಿಸಿತು.

ಎಲ್ಲ ಮೌನಕ್ಕೂ ಈ ಪಥ್ಯ ಸಲ್ಲದು. ಮೊದಲು ಮಾತನಾಡುತ್ತಿದ್ದವರು ಈಚೆಗೆ ಮೌನಿಯಾಗಿ, ಎರಡು ವಾರಕ್ಕೂ ಮೀರಿ ನಿದ್ರೆ, ಹಸಿವು, ಕೆಲಸದ ಆಸಕ್ತಿ ಕುಂದಿದ್ದರೆ ಖಿನ್ನತೆಯನ್ನು ಶಂಕಿಸಬೇಕು. ಹೆರಿಗೆಯಾದ ತಾಯಂದಿರಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಮಾತು ನಿಧಾನವಾಗಿ, ದನಿ ಒರಟಾಗಿ, ಚಳಿ ತಡೆಯದೆ, ಮಲಬದ್ಧತೆಯೂ ಸೇರಿದ್ದರೆ ಥೈರಾಯ್ಡ್‌ ರಕ್ತಪರೀಕ್ಷೆ ಮಾಡಿಸಬೇಕು. ವಯಸ್ಸಾದವರು ಜನರ ನಡುವೆ ಸುಮ್ಮನಾಗಿ, ಟಿ.ವಿ. ಸದ್ದನ್ನು ಏರಿಸುತ್ತಿದ್ದರೆ ಮೊದಲು ಕಿವಿಯನ್ನು ಪರೀಕ್ಷಿಸಬೇಕು. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್‌ ದೂರವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮತ್ತೊಂದು ಬಗೆಯೂ ಇದೆ. ಸಂಗಾತಿ ತನ್ನ ನೋವನ್ನು ಸ್ಪಷ್ಟವಾಗಿ, ಶಾಂತವಾಗಿ ಹೇಳಿದ ಮೇಲೂ, ಹೊತ್ತು ವಿಷಯ ಎರಡನ್ನೂ ಸುಲಭ ಮಾಡಿಕೊಟ್ಟ ಮೇಲೂ, ಒಂದು ಮಂಡಲದಲ್ಲಿ ಒಂದು ದಿನವೂ ಯತ್ನಿಸದವರದನ್ನು ಸ್ವಭಾವವೆಂದು ಕರೆಯಲಾಗದು. ಜಗಳವಾದಾಗಲೆಲ್ಲ ದಿನಗಟ್ಟಲೆ ಮಾತು ಬಿಟ್ಟು ಶಿಕ್ಷಿಸುವುದೂ ಸ್ವಭಾವವಲ್ಲ. ಅಲ್ಲಿ ಇಬ್ಬರೂ ಆಪ್ತಸಮಾಲೋಚಕರ ಮುಂದೆ ಕುಳಿತುಕೊಳ್ಳಬೇಕು. ಮೌನದ ಜೊತೆಗೆ ಬೆದರಿಕೆ, ಹೊಡೆತಗಳಿದ್ದರೆ ಪಥ್ಯದ ಮಾತೇ ಇಲ್ಲ. ಮಹಿಳೆಯರು 181ಕ್ಕೆ ಕರೆ ಮಾಡಬೇಕು.

ಆದಕಾರಣ ಹಿರಿಯರಲ್ಲಿ ನಮ್ಮ ಕೋರಿಕೆ ಇಷ್ಟೇ. ಸೊಸೆಯೋ ಅಳಿಯನೋ ಈ ದೂರು ತಂದಾಗ “ಹೊಂದಿಕೊಂಡು ಹೋಗು” ಎನ್ನುವ ಮುನ್ನ ಆ ಮೂರು ಪ್ರಶ್ನೆಗಳನ್ನು ಕೇಳಿರಿ. ಮಾತನಾಡದವರನ್ನೂ ಎದುರಿಗೆ ಕೂರಿಸಿಕೊಂಡು ಕೇಳಿರಿ.