ಗೋಡೆ ಕಟ್ಟೋದಲ್ಲ, ಊಟ ಹಾಕೋದು ಕಷ್ಟ

ಮುಳಬಾಗಿಲಿನ ಬೆಟ್ಟ ಹತ್ತಿದಾಗ ಒಬ್ಬ ಗೆಳೆಯ ಕೇಳಿದ: "ಚೀನಾದಲ್ಲಿ ಅಷ್ಟುದ್ದ ಗೋಡೆ ಕಟ್ಟಿದ್ರು, ನಮ್ಮೋರು ಯಾಕೋ ಬರೀ ಬೆಟ್ಟಬೆಟ್ಟಕ್ಕೂ ಕೋಟೆ ಕಟ್ಟಿ ಬಿಟ್ಬಿಟ್ರು?" ಕಲ್ಲಿಗೇನೂ ಬರ ಇರಲಿಲ್ಲ. ನನ್ನ ಪ್ರಕಾರ ಗಡಿಗೋಡೆಯನ್ನ ನಾವು ಸಿವಿಲ್ ಕಣ್ಣಿಂದ ನೋಡ್ತೀವಿ, ಅಲ್ಲೇ ಎಡವೋದು. ಅದನ್ನ ನಡೆಸೋ ಖರ್ಚು ನೋಡಬೇಕು.

ಬ್ರಿಟನ್ನಿನಲ್ಲಿ ರೋಮನ್ನರು ಕ್ರಿ.ಶ. 122ರಲ್ಲಿ ಶುರು ಮಾಡಿದ ಹೇಡ್ರಿಯನ್ ಗೋಡೆ ತಗೊಳ್ಳಿ. ಉದ್ದ 117 ಕಿ.ಮೀ., ಹೆಚ್ಚುಕಮ್ಮಿ ಬೆಂಗಳೂರಿಂದ ನಂಗಲಿವರೆಗೆ. ಒಂದೊಂದು ರೋಮನ್ ಮೈಲಿಗೂ ಬಾಗಿಲಿರೋ ಪುಟ್ಟ ಕೋಟೆ, ಎರಡು ಕೋಟೆಗಳ ನಡುವೆ ಎರಡು ಕಾವಲು ಗೋಪುರ. ಕಾವಲಿಗೆ ಸುಮಾರು 9,000 ಜನ ಅಂತಿಟ್ಟುಕೊಳ್ಳಿ. ತಲೆಗೆ ದಿನಕ್ಕೆ 1 ಕೆ.ಜಿ. ಗೋಧಿ ಅಂದ್ರೆ ದಿನಕ್ಕೆ 9 ಟನ್. ಅರ್ಧ ಟನ್ ಹೊರೋ ಎತ್ತಿನಗಾಡಿ ದಿನಾ 18 ಬರಬೇಕು. ಕುದುರೆ ಮೇವು, ಸೌದೆ ಬೇರೆ. ಅದಕ್ಕೇ ಪೂರ್ವದ ತುದಿಯಲ್ಲಿ, ಸಮುದ್ರದ ಹತ್ತಿರ, ಒಂದು ಕೋಟೆಯನ್ನೇ ಸಾಲುಸಾಲು ಕಣಜಗಳಾಗಿ ಮಾರ್ಪಡಿಸಿದರು. ಹಡಗಿನಲ್ಲಿ ಬಂದ ಧಾನ್ಯ ಅಲ್ಲಿ ಇಳೀತಿತ್ತು.

ರಿಪೇರಿಯೂ ಮುಗಿಯೋ ಕೆಲಸವಲ್ಲ. ಗೋಡೆಯ ಎರಡು ಮುಖಕ್ಕಷ್ಟೇ ಕಟ್ಟಡದ ಕಲ್ಲು, ಒಳಗೆ ಜಲ್ಲಿ, ಮಣ್ಣು. ಮಳೆನೀರು ಒಳಗಿಳಿದರೆ ಹೊಟ್ಟೆ ಉಬ್ಬಿ ಮುಖದ ಕಲ್ಲು ಕಳಚುತ್ತೆ. 3ನೇ ಶತಮಾನದ ಶುರುವಿನಲ್ಲಿ ರಿಪೇರಿಯಾದ ಭಾಗವನ್ನ ಅದರ ಗಟ್ಟಿ ಬಿಳಿ ಸುಣ್ಣದ ಗಾರೆಯಿಂದಲೇ ಗುರುತಿಸ್ತಾರೆ. ಅಷ್ಟರಲ್ಲಿ ಎಷ್ಟೋ ಗೋಪುರಗಳನ್ನ ಅವರೇ ಮುಚ್ಚಿಬಿಟ್ಟಿದ್ದರು.

ಇಷ್ಟೆಲ್ಲಾ ಮಾಡಿದ್ದು ದೊಡ್ಡ ಸೈನ್ಯ ತಡೆಯೋಕಾ? ಅಲ್ಲ. ತೆಳ್ಳಗೆ ಹರಡಿದ ಕಾವಲು ಅದನ್ನ ತಡೆಯಲ್ಲ. ದನ ಹೊಡ್ಕೊಂಡು ಹೋಗೋ ಸಣ್ಣ ಗುಂಪನ್ನ ತಡೆದು, ಓಡಾಡೋರನ್ನೆಲ್ಲ ಬಾಗಿಲಿಗೆ ಬರೋ ಹಾಗೆ ಮಾಡುತ್ತೆ, ಅಷ್ಟೆ. ಚೀನಾದ ಹಾನ್ ದೊರೆಗಳ ಗಡಿಯಲ್ಲಿ ಗೋಡೆಯ ಪಕ್ಕ ಮರಳಿನ ಪಟ್ಟಿ ಹರಡಿ ನುಣ್ಣಗೆ ಗೀರಿಡ್ತಿದ್ರು. ಬೆಳಿಗ್ಗೆ ಹೆಜ್ಜೆಗುರುತು ಇದ್ರೆ ರಾತ್ರಿ ಯಾರೋ ದಾಟಿದಾರೆ ಅಂತ ಲೆಕ್ಕ. ಎಂಥಾ ಸೆನ್ಸರ್ ನೋಡಿ! ಊಟದ ಸಮಸ್ಯೆಗೂ ಅವರದೇ ದಾರಿ: ಗಡಿಯಲ್ಲೇ ಜಮೀನು ಮಾಡಿಸಿ ಸೈನಿಕರಿಂದಲೇ ಬೆಳೆಸೋದು.

ನಮ್ಮ ಪಾಳೇಗಾರರ ಕಾಲದ ಉಂಬಳಿಯೂ ಇದೇ ಬುದ್ಧಿ. ಕಾವಲಿನವನಿಗೆ ಸಂಬಳದ ಬದಲು ಹೊಲ, ಧಾನ್ಯದ ಗಾಡಿಯೇ ಬೇಡ. ಆದ್ರೆ ನೀರು? ಬಂಡೆಯ ದೊಣೆಗಳಲ್ಲಿ ಮಳೆನೀರು ಎಷ್ಟು ನಿಲ್ಲುತ್ತೋ ಅಷ್ಟೇ ಜನ ಬೆಟ್ಟದ ಮೇಲೆ ನಿಲ್ಲಬಹುದು. ಬಯಲಲ್ಲಿ ಉದ್ದಕ್ಕೂ ಕಾವಲು ಹಾಕಿದ್ರೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕುಡಿಯೋಕೆ ಏನು ಕೊಡೋದು? ದೂರದವರೆಗೆ ಕಾಣೋ ಬೆಟ್ಟಗಳಷ್ಟನ್ನೇ ಹಿಡಿದಿದ್ದು ಜಾಣತನವೇ ಅಂತೀನಿ.

ಅದರ ಮಿತಿಯೂ ಇತ್ತು. 1791ರ ಫೆಬ್ರವರಿಯಲ್ಲಿ ಟಿಪ್ಪು ದಕ್ಷಿಣದ ಕಣಿವೆಗಳ ಕಡೆ ಕಾಯ್ತಿದ್ದಾಗ ಕಾರ್ನ್‌ವಾಲಿಸ್ ಮೊಗಿಲಿ ಘಾಟಿ ಹತ್ತಿಬಂದ. ತಿರುಪತಿ ಬಸ್ಸಲ್ಲಿ ನಾವು ಇಳಿಯೋ ಅದೇ ಘಾಟಿ. ಮುಳಬಾಗಿಲು, ಕೋಲಾರ, ಹೊಸಕೋಟೆ ಸಾಲಾಗಿ ಅವನ ಕೈಸೇರಿದವು. ಮಾರ್ಚ್ ಮೊದಲ ವಾರಕ್ಕೆಲ್ಲ ಅವನ ಸೈನ್ಯ ಬೆಂಗಳೂರಿನ ಮುಂದಿತ್ತು.