ಅಕ್ಷರಕ್ಕೆ ಎಷ್ಟು ಎಣಿಕೆ?

ಕನ್ನಡ ಶಾಲೆಯಿಂದ ಬಂದವನು ಇಂಗ್ಲಿಷಿನಲ್ಲಿರುವ ಶಾಸ್ತ್ರವೊಂದನ್ನು ಕಲಿಯುವಾಗ ತನ್ನದೇ ಪದಕೋಶವನ್ನು ಕಟ್ಟಿಕೊಳ್ಳುವುದು ಸಹಜ. ಆದರೆ ಪದಕ್ಕೆ ಎದುರಾಗಿ ಪದವನ್ನಷ್ಟೇ ಬರೆದಿಟ್ಟರೆ ಸಾಲದೆಂಬುದು ನನ್ನ ಅಭಿಪ್ರಾಯ.

ಉದ್ಯಾವರದಲ್ಲಿ ಕನ್ನಡದಲ್ಲೇ ಓದಿದ ನಾನು ಪ್ರೋಗ್ರಾಮಿಂಗ್ ಕಲಿಯತೊಡಗಿದಾಗ 'ಸ್ಟ್ರಿಂಗ್' ಎಂಬುದಕ್ಕೆ 'ಸರ' ಎಂದು ಬರೆದುಕೊಂಡೆ. ಶಂಕರಪುರದ ಮಲ್ಲಿಗೆಯನ್ನು ದಾರದಲ್ಲಿ ಕಟ್ಟುವಂತೆ ಚಿಹ್ನೆಗಳನ್ನು ಕ್ರಮವಾಗಿ ಪೋಣಿಸಿದುದೇ ಸ್ಟ್ರಿಂಗ್ ಆದುದರಿಂದ ಆ ಪದ ಒಪ್ಪುತ್ತದೆ. 'ಕ್ಯಾರೆಕ್ಟರ್' ಎಂಬುದಕ್ಕೆ 'ಅಕ್ಷರ' ಎಂದರೆ ಮಾತ್ರ ಲೆಕ್ಕ ಕೂಡುವುದಿಲ್ಲ. ಪೈಥಾನ್ ಭಾಷೆಯಲ್ಲಿ ಪರೀಕ್ಷಿಸಬಹುದು:

```
print(len("ಮಲ್ಲಿಗೆ"))
```

ನಾವೆಣಿಸುವುದು ಮ, ಲ್ಲಿ, ಗೆ ಎಂದು 3. ಯಂತ್ರದ ಉತ್ತರ 7. ಯೂನಿಕೋಡಿನಲ್ಲಿ 'ಮ' ಒಂದು ಸಂಕೇತ. 'ಲ್ಲಿ' ಎಂಬುದು ಲಕಾರ, ಹಲಂತ, ಮತ್ತೊಂದು ಲಕಾರ, ಗುಡಿಸು ಎಂದು 4. 'ಗೆ' ಎಂಬುದು ಗಕಾರ, ಎತ್ವ ಎಂದು 2. ಮೊದಲ 3 ಕ್ಯಾರೆಕ್ಟರುಗಳನ್ನಷ್ಟೇ ಕತ್ತರಿಸಿಕೊಂಡರೆ ಹೂವಿನ ಹೆಸರು 'ಮಲ್' ಎಂದು ಮುರಿದು ನಿಲ್ಲುತ್ತದೆ.

ಆದಕಾರಣ ನನ್ನ ಕೋಶದಲ್ಲಿ 'ಕ್ಯಾರೆಕ್ಟರ್' ಹಾಗೆಯೇ ಉಳಿದಿದೆ. ಎದುರಿಗೆ ಕನ್ನಡದಲ್ಲಿ ವಿವರಣೆಯಿದೆ, ಕೆಳಗೆ ಈ ಒಂದು ಸಾಲಿನ ಪರೀಕ್ಷೆಯಿದೆ. ದಾರಿ ತಪ್ಪಿಸುವ ಸ್ವಂತ ಪದಕ್ಕಿಂತ ಅರ್ಥವರಿತ ಎರವಲು ಪದವೇ ಮೇಲು.